ಗೂಡಿನ ಲೆಕ್ಕದಲ್ಲಿ ಬಾಗಿದ ಗೆರೆ

ರಾಮನಗರದ ವಿದ್ಯಾರ್ಥಿನಿಯೊಬ್ಬರ ಪ್ರಶ್ನೆ ರೇಷ್ಮೆಗೂಡಿನದು. ನೂಲಿನ ಇಳುವರಿ ಏರಿದಂತೆ ರೆಂಡಿಟ್ಟಾ, ಅಂದರೆ ಒಂದು ಕಿಲೋ ನೂಲಿಗೆ ಬೇಕಾದ ಗೂಡು, ತಪ್ಪದೇ ಇಳಿಯುತ್ತದೆ. ಹಾಗಿದ್ದೂ ಪಿಯರ್ಸನ್ ಸಹಸಂಬಂಧ −1 ಬರಲಿಲ್ಲವೇಕೆ?

ತಪ್ಪು ಅವರ ಲೆಕ್ಕದ್ದಲ್ಲ. 100ನ್ನು ಇಳುವರಿಯ ಶೇಕಡಾದಿಂದ ಭಾಗಿಸಿದರೆ ಸಿಗುವುದೇ ರೆಂಡಿಟ್ಟಾ. ನಕ್ಷೆಯಲ್ಲಿ ಅದು ಬಾಗಿದ ಗೆರೆ. ಮಾದರಿಗೆ ಐದು ಲಾಟ್ ಇಟ್ಟುಕೊಂಡರೆ, ಇಳುವರಿ 8, 10, 12.5, 16, 20, ರೆಂಡಿಟ್ಟಾ 12.5, 10, 8, 6.25, 5. ನೇರ ಗೆರೆಯನ್ನಷ್ಟೇ ಅಳೆಯುವ ಪಿಯರ್ಸನ್ −0.97 ಎನ್ನುತ್ತದೆ. ಸ್ಪಿಯರ್‌ಮನ್ ನೋಡುವುದು ಸ್ಥಾನಗಳನ್ನು ಮಾತ್ರ, ಹಾಗಾಗಿ ಅದು ಸರಿಯಾಗಿ −1.

ತೊಡಕಿರುವುದು ಹರಾಜಿನಲ್ಲಿ. ಇದೇ ಲಾಟ್‌ಗಳ ಬೆಲೆ ಇಳುವರಿಯಂತೆಯೇ ಏರಿ, 10 ಮತ್ತು 12.5ರ ಲಾಟ್‌ಗಳಿಗೆ ಒಂದೇ ಬೆಲೆ ಬಿತ್ತೆನ್ನಿ. 2 ಮತ್ತು 3ನೇ ಸ್ಥಾನವನ್ನು ಸರಾಸರಿ ಮಾಡಿ ಎರಡಕ್ಕೂ 2.5 ಕೊಡಬೇಕು. ಬೆಲೆಗೆ 1, 2.5, 2.5, 4, 5; ರೆಂಡಿಟ್ಟಾಕ್ಕೆ 5, 4, 3, 2, 1.

ಪಠ್ಯಪುಸ್ತಕದ ಸುಲಭ ಸೂತ್ರ 1 − 6Σd²/(n(n²−1)) ಇಲ್ಲಿ ಕೈಕೊಡುತ್ತದೆ: Σd² 38.5, ಉತ್ತರ −0.925. ಅದು ಸಮಸ್ಥಾನಗಳಿಲ್ಲದಾಗ ಮಾತ್ರ ನಿಖರ. ಈ ಸ್ಥಾನಗಳ ಮೇಲೆಯೇ ಪಿಯರ್ಸನ್ ಹಾಕಿದರೆ ಸರಿಯಾದ ಉತ್ತರ, −0.975.

ಐದೇ ಲಾಟ್‌ಗಳಲ್ಲಿ ಒಂದು ಸಮಬೆಲೆ ಇಷ್ಟು ಎಳೆದಾಡುತ್ತದೆ. ನೂರಾರು ಲಾಟ್‌ಗಳಲ್ಲಿ ಸಮಬೆಲೆ ವಿರಳವಾದರೆ ವ್ಯತ್ಯಾಸ ಕಾಣಿಸುವುದೂ ಕಷ್ಟ.