ನೂರು ಡಾಲರಿಗೆ ಎಷ್ಟು ರೂಪಾಯಿ?

ನಮ್ಮ ಕಾಲೇಜಿನ ವಿದ್ಯಾರ್ಥಿಗಳು ಕೆಲವರು ಸೇರಿ ಒಂದು ಚಿಕ್ಕ ದೂರದರ್ಶಕವನ್ನು ಕಟ್ಟಿದರು. ಅದಕ್ಕೆ ತಕ್ಕ ನೇತ್ರಮಸೂರವೊಂದು, ಎಂದರೆ ಐಪೀಸ್, ಅಮೆರಿಕದ ಜಾಲತಾಣವೊಂದರಲ್ಲಿ ನೂರು ಡಾಲರಿಗೆ ದೊರೆಯುವುದೆಂದು ತಿಳಿಯಿತು. ವಿಮಾನ ಸಾಗಾಣಿಕೆಗೆ 18 ಡಾಲರು, ವಿಮೆಗೆ 2 ಡಾಲರು, ಒಟ್ಟು 120. ಪತ್ರಿಕೆಯಲ್ಲಿ ಅಂದು ಡಾಲರಿಗೆ 90 ರೂಪಾಯಿ ಎಂದಿತ್ತು. 120ನ್ನು 90ರಿಂದ ಗುಣಿಸಿದರೆ 10,800. ಇಪ್ಪತ್ತೆರಡು ಮಂದಿ ತಲಾ 500 ರೂಪಾಯಿಯಂತೆ 11,000 ರೂಪಾಯಿ ಕೂಡಿಸಿದರು. ಈ ಲೆಕ್ಕವನ್ನು ನೋಡಿ ಸರಿಯೆಂದು ತಲೆದೂಗಿದವರು ನಾವೇ. ಮಸೂರವು ಕೈಸೇರುವ ಹೊತ್ತಿಗೆ ಆದ ಒಟ್ಟು ವೆಚ್ಚ 15,269 ರೂಪಾಯಿ. ಕೊರತೆಯಾದ 4,269 ರೂಪಾಯಿಯನ್ನು ತೆರದಿದ್ದರೆ ಕಟ್ಟು ಬಂದ ದಾರಿಯಲ್ಲೇ ಹಿಂದಿರುಗುತ್ತಿತ್ತು.

ತಪ್ಪು ಗುಣಾಕಾರದಲ್ಲಿರಲಿಲ್ಲ. ಒಂದೇ ದರ, ಒಂದೇ ಗುಣಾಕಾರ ಸಾಕೆಂದು ಎಣಿಸಿದ್ದೇ ತಪ್ಪು. ಆ ಅಂತರವು ಎಲ್ಲಿಂದ ಬಂದಿತೆಂಬುದನ್ನು ಹಂತಹಂತವಾಗಿ ನೋಡೋಣ. ಲೆಕ್ಕದ ಸೌಕರ್ಯಕ್ಕಾಗಿ ದರಗಳನ್ನು ನಾವು ದುಂಡಾಗಿಸಿದ್ದೇವೆ. ಅವು ದಿನದಿಂದ ದಿನಕ್ಕೆ, ವಸ್ತುವಿನಿಂದ ವಸ್ತುವಿಗೆ ಬೇರೆಯಾಗುವುವು. ಲೆಕ್ಕದ ವಿಧಾನ ಮಾತ್ರ ಬದಲಾಗದು.

ಒಂದು ಡಾಲರು, ಮೂರು ದರಗಳು

ಹಣವೂ ಒಂದು ಸರಕು. ಅದನ್ನು ಮಾರುವವನು ಕೊಳ್ಳುವ ಬೆಲೆಗಿಂತ ಸ್ವಲ್ಪ ಹೆಚ್ಚಿಗೆ ಮಾರುತ್ತಾನೆ. ಈ ಎರಡು ಬೆಲೆಗಳ ನಡುವಣ ಮಟ್ಟವನ್ನು ಮಧ್ಯದರವೆನ್ನಬಹುದು. ಪತ್ರಿಕೆಯಲ್ಲಿಯೂ ಅಂತರಜಾಲದ ಹುಡುಕಾಟದಲ್ಲಿಯೂ ನಮಗೆ ಕಾಣಿಸುವುದು ಬಹುಮಟ್ಟಿಗೆ ಇದೇ. ಬ್ಯಾಂಕುಗಳು ತಮ್ಮೊಳಗೆ ದೊಡ್ಡ ಮೊತ್ತಗಳಲ್ಲಿ ವ್ಯವಹರಿಸುವಾಗ ಈ ಮಟ್ಟಕ್ಕೆ ಸಮೀಪದ ದರ ದೊರೆಯುತ್ತದೆ. ಕಾರ್ಡು ಹಿಡಿದು ನೂರು ಡಾಲರು ಕೊಡಹೊರಟ ನಮಗೆ ದೊರೆಯುವುದಿಲ್ಲ. ಇದು ಮೊದಲನೆಯ ದರ. ಇದನ್ನು ಅಳತೆಗೋಲೆಂದು ಬಳಸಬೇಕೇ ಹೊರತು ಬೆಲೆಯೆಂದು ನಂಬಬಾರದು.

ಎರಡನೆಯದು ಕಾರ್ಡಿನ ದರ. ವೀಸಾ, ಮಾಸ್ಟರ್‌ಕಾರ್ಡ್ ಮೊದಲಾದ ಕಾರ್ಡು ಜಾಲಗಳು ಪ್ರತಿದಿನವೂ ತಮ್ಮದೇ ದರವನ್ನು ಗೊತ್ತುಮಾಡಿ ತಮ್ಮ ಜಾಲತಾಣಗಳಲ್ಲಿ ಪ್ರಕಟಿಸುತ್ತವೆ. ಮೂರನೆಯದು ಸುಂಕದ ದರ. ಆಮದಾದ ಸರಕಿನ ಬೆಲೆಯನ್ನು ರೂಪಾಯಿಗೆ ಪರಿವರ್ತಿಸಲು ಸುಂಕ ಇಲಾಖೆಯು ಪ್ರತ್ಯೇಕ ದರವನ್ನು ಪ್ರಕಟಿಸುತ್ತದೆ. ಅದು ಕೆಲವು ದಿನಗಳ ಕಾಲ ಸ್ಥಿರವಾಗಿರುತ್ತದೆ. ಆಮದಿಗೊಂದು, ರಫ್ತಿಗೊಂದು ಇರುತ್ತದೆ. ನಮ್ಮ ಉದಾಹರಣೆಯಲ್ಲಿ ಈ ಮೂರು ದರಗಳು ಕ್ರಮವಾಗಿ 90.00, 90.40 ಮತ್ತು 91.00 ಎಂದಿರಲಿ.

ಕಾರ್ಡಿನ ಹಾದಿ

ಜಾಲತಾಣಕ್ಕೆ ಸಲ್ಲಬೇಕಾದ 120 ಡಾಲರು ಕಾರ್ಡು ಜಾಲದ ದರದಲ್ಲಿ 10,848 ರೂಪಾಯಿ ಆಗುತ್ತದೆ. ಇದರ ಮೇಲೆ ಕಾರ್ಡನ್ನು ಕೊಟ್ಟ ಬ್ಯಾಂಕು ವಿದೇಶೀ ನಾಣ್ಯದ ವ್ಯವಹಾರಕ್ಕಾಗಿ ತನ್ನ ಲಾಭಾಂಶವನ್ನು ಸೇರಿಸುತ್ತದೆ. ಇದಕ್ಕೆ ಮಾರ್ಕಪ್ ಎಂದು ಹೆಸರು. ನಮ್ಮ ದೇಶದ ಅನೇಕ ಕಾರ್ಡುಗಳಲ್ಲಿ ಇದು ಶೇಕಡಾ 2ರಿಂದ 3.5ರ ವರೆಗೆ ಇರುತ್ತದೆ. ಮಾರ್ಕಪ್ಪೇ ಇಲ್ಲದ ಕಾರ್ಡುಗಳೂ ಕೆಲವುಂಟು. ಶೇಕಡಾ 3.5ರಂತೆ ಇದು 379.68 ರೂಪಾಯಿ. ಮಾರ್ಕಪ್ ಒಂದು ಸೇವೆಯ ಶುಲ್ಕವಾದುದರಿಂದ ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ ಬೀಳುತ್ತದೆ: 68.34 ರೂಪಾಯಿ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಜಿಎಸ್‌ಟಿಯು ಶುಲ್ಕದ ಮೇಲೆ ಮಾತ್ರ, ಇಡೀ ಮೊತ್ತದ ಮೇಲಲ್ಲ. ಆದುದರಿಂದ 3.5ಕ್ಕೆ 18ನ್ನು ಕೂಡಿಸಬಾರದು, 3.5ನ್ನು 1.18ರಿಂದ ಗುಣಿಸಬೇಕು. ಆಗ ಶೇಕಡಾ 4.13 ಎಂದು ಬರುತ್ತದೆ. ಬ್ಯಾಂಕಿಗೆ ನಾವು ಕೊಡುವ ಒಟ್ಟು ಮೊತ್ತ 11,296.02 ರೂಪಾಯಿ. ಇದನ್ನು 120ರಿಂದ ಭಾಗಿಸಿದರೆ 94.13 ಬರುತ್ತದೆ. ನಮ್ಮ ಪಾಲಿಗೆ ಡಾಲರಿನ ನಿಜವಾದ ಬೆಲೆ ಇದೇ. ವಿದ್ಯಾರ್ಥಿಗಳು ಕೂಡಿಸಿದ 11,000 ರೂಪಾಯಿ ಈ ಮೊದಲ ಹಂತಕ್ಕೇ ಸಾಲದಾಯಿತು.

ಇನ್ನೊಂದು ಮಾತು. ನಾವು ಗುಂಡಿ ಒತ್ತಿದ ದಿನದ ದರವೇ ಅನ್ವಯಿಸುವುದೆಂಬ ಭರವಸೆಯಿಲ್ಲ. ವ್ಯವಹಾರವು ಕಾರ್ಡು ಜಾಲದಲ್ಲಿ ತೀರುವೆಯಾಗುವ ದಿನದ ದರ ಹಿಡಿಯಲ್ಪಡುತ್ತದೆ. ಅದು ಒಂದೆರಡು ದಿನ ತಡವಾಗಬಹುದು. ಅಷ್ಟರಲ್ಲಿ ರೂಪಾಯಿ ಕೆಲವು ಪೈಸೆ ಏರಬಹುದು, ಇಳಿಯಬಹುದು.

ರೂಪಾಯಿಯಲ್ಲೇ ಕೊಡಿ ಎಂಬ ಆಹ್ವಾನ

ಹಣ ಸಲ್ಲಿಸುವ ಪುಟದಲ್ಲಿ ಕೆಲವೊಮ್ಮೆ ಎರಡು ಆಯ್ಕೆಗಳು ಕಾಣಿಸುತ್ತವೆ: 120 ಡಾಲರು, ಅಥವಾ 11,700 ರೂಪಾಯಿ. ತಿಳಿದ ನಾಣ್ಯದಲ್ಲಿ ಕೊಡುವುದು ಲೇಸೆಂದು ಯಾರಿಗಾದರೂ ತೋರುವುದು ಸಹಜ. ಆದರೆ ಈ ಪರಿವರ್ತನೆಯನ್ನು ಮಾಡಿದವರು ಮಾರಾಟಗಾರನ ಕಡೆಯವರು. ಅವರ ಲಾಭಾಂಶವು ಆ ದರದೊಳಗೇ ಅಡಗಿದೆ. ಅದನ್ನು ಹೊರಗೆಳೆಯಲು ಒಂದು ಭಾಗಾಕಾರ ಸಾಕು. 11,700ನ್ನು 120ರಿಂದ ಭಾಗಿಸಿದರೆ 97.50. ನಮ್ಮ ಕಾರ್ಡಿನಲ್ಲಿ ಡಾಲರಿಗೆ ಬೀಳುವುದು 94.13. ಹೀಗಾಗಿ ಡಾಲರಿನಲ್ಲೇ ಕೊಡುವುದು 404 ರೂಪಾಯಿ ಅಗ್ಗ. ಅಷ್ಟೇ ಅಲ್ಲ, ಮಾರಾಟಗಾರನು ವಿದೇಶದಲ್ಲಿ ನೋಂದಾಯಿತನಾಗಿದ್ದರೆ, ರೂಪಾಯಿಯಲ್ಲಿ ಕೊಟ್ಟರೂ ಕೆಲವು ಬ್ಯಾಂಕುಗಳು ಅದಕ್ಕೆ ಬೇರೊಂದು ಶುಲ್ಕವನ್ನು ಹಾಕುತ್ತವೆ. ಕಾರ್ಡಿನ ಶುಲ್ಕಪಟ್ಟಿಯಲ್ಲಿ ಇದು ಬರೆದಿರುತ್ತದೆ.

ಸುಂಕದ ಹಾದಿ

ಇನ್ನು ಎರಡನೆಯ ಹಾದಿ. ಕಾರ್ಡಿಗೆ ನಾವು ಕೊಟ್ಟ 11,296 ರೂಪಾಯಿಯ ಮೇಲೆ ಸುಂಕ ಬೀಳುವುದೆಂದು ಹಲವರು ತಿಳಿಯುತ್ತಾರೆ. ಹಾಗಲ್ಲ. ಬ್ಯಾಂಕಿನ ಮಾರ್ಕಪ್ಪು ಸರಕಿನ ಬೆಲೆಯ ಭಾಗವಲ್ಲ. ಸುಂಕದ ಲೆಕ್ಕವು ಮತ್ತೆ ಡಾಲರಿನಿಂದಲೇ ಹೊರಡುತ್ತದೆ. ವಸ್ತುವಿನ ಬೆಲೆ, ಸಾಗಾಣಿಕೆ, ವಿಮೆ ಈ ಮೂರನ್ನೂ ಕೂಡಿಸಿ, ಸುಂಕದ ದರದಿಂದ ಗುಣಿಸಿ ಮೌಲ್ಯವನ್ನು ಪಡೆಯುತ್ತಾರೆ. ವಿಮಾನದಲ್ಲಿ ಬಂದ ಸರಕಿಗೆ ಸಾಗಾಣಿಕೆಯ ವೆಚ್ಚವನ್ನು ವಸ್ತುವಿನ ಬೆಲೆಯ ಶೇಕಡಾ 20ಕ್ಕಿಂತ ಹೆಚ್ಚಾಗಿ ಎಣಿಸುವಂತಿಲ್ಲ. ನಮ್ಮದು 18 ಆದುದರಿಂದ ಪೂರ್ತಿಯಾಗಿ ಸೇರುತ್ತದೆ. 120 ಡಾಲರು 91ರ ದರದಲ್ಲಿ 10,920 ರೂಪಾಯಿ.

ಈ ಮೌಲ್ಯದ ಮೇಲೆ ಮೂರು ಕರಗಳು ಒಂದರ ಮೇಲೊಂದು ಕೂರುತ್ತವೆ. ಮೊದಲನೆಯದು ಮೂಲ ಸುಂಕ. ಇದು ವಸ್ತುವಿನ ವರ್ಗವನ್ನು ಅನುಸರಿಸುತ್ತದೆ. ಶೇಕಡಾ 10 ಎಂದು ಹಿಡಿದರೆ 1,092 ರೂಪಾಯಿ. ಎರಡನೆಯದು ಸಮಾಜ ಕಲ್ಯಾಣ ಮೇಲ್ತೆರಿಗೆ. 2018ರಲ್ಲಿ ಬಂದ ಇದು ಸಾಮಾನ್ಯವಾಗಿ ಮೂಲ ಸುಂಕದ ಹತ್ತನೆಯ ಒಂದು ಪಾಲು. ಸರಕಿನ ಬೆಲೆಯ ಹತ್ತನೆಯ ಪಾಲಲ್ಲ. ಅದು 109.20 ರೂಪಾಯಿ. ಮೂರನೆಯದು ಐಜಿಎಸ್‌ಟಿ. ಇದನ್ನು ಬರಿಯ ಮೌಲ್ಯದ ಮೇಲಲ್ಲ, ಮೌಲ್ಯಕ್ಕೆ ಮೊದಲಿನ ಎರಡನ್ನೂ ಕೂಡಿಸಿದ 12,121.20 ರೂಪಾಯಿಯ ಮೇಲೆ ವಿಧಿಸುತ್ತಾರೆ. ಶೇಕಡಾ 18ರಂತೆ 2,181.82 ರೂಪಾಯಿ. ಮೂರೂ ಸೇರಿ 3,383.02.

ಹತ್ತು, ಒಂದು, ಹದಿನೆಂಟು ಕೂಡಿಸಿದರೆ ಇಪ್ಪತ್ತೊಂಬತ್ತು. ನಾವು ತೆತ್ತದ್ದು ಶೇಕಡಾ 30.98. ತೆರಿಗೆಯ ಮೇಲೆ ತೆರಿಗೆ ಬಿದ್ದುದೇ ಈ ವ್ಯತ್ಯಾಸಕ್ಕೆ ಕಾರಣ. ಗಾಜಿನ ಫಲಕಗಳನ್ನು ಒಂದರ ಹಿಂದೊಂದು ಇಟ್ಟಾಗ, ಪ್ರತಿಯೊಂದೂ ತನ್ನನ್ನು ಮುಟ್ಟಿದ ಬೆಳಕಿನ ಒಂದು ಭಿನ್ನಾಂಶವನ್ನು ಹಾಯಗೊಡುತ್ತದೆ. ಒಟ್ಟು ಫಲವು ಆ ಭಿನ್ನಾಂಶಗಳ ಗುಣಲಬ್ಧ, ಮೊತ್ತವಲ್ಲ. ಇಲ್ಲಿಯೂ ಹಾಗೆಯೇ: 1.11 × 1.18 = 1.3098. ದರಗಳು ಹೆಚ್ಚಿದಂತೆ ಈ ಅಂತರವೂ ಬೆಳೆಯುತ್ತದೆ. 2023ರಲ್ಲಿ ಸ್ವಂತ ಬಳಕೆಗೆಂದು ತರಿಸಿದ ವಸ್ತುಗಳ ವರ್ಗದಲ್ಲಿ ಮೂಲ ಸುಂಕ ಶೇಕಡಾ 35, ಐಜಿಎಸ್‌ಟಿ 28 ಇದ್ದುವು. ಮೇಲ್ತೆರಿಗೆ ಸೇರಿಸಿ ಕೂಡಿಸಿದರೆ 66.5, ಗುಣಿಸಿ ನೋಡಿದರೆ 77.28. ಆ ಬಳಿಕ ಈ ದರಗಳನ್ನು ಇಳಿಸಲಾಗಿದೆ. ಆದುದರಿಂದ ವಸ್ತುವನ್ನು ತರಿಸುವ ಮುನ್ನ ಆ ದಿನದ ದರವನ್ನು ನೋಡಿಕೊಳ್ಳಬೇಕು. ಹಿಂದಿನ ವರ್ಷದ ರಸೀದಿಯನ್ನು ನೆಚ್ಚಬಾರದು.

ಕೊನೆಯದಾಗಿ ಕೊರಿಯರಿನವರ ಶುಲ್ಕ. ಸುಂಕವನ್ನು ನಮ್ಮ ಪರವಾಗಿ ಕಟ್ಟಿ ಸರಕನ್ನು ಬಿಡಿಸಿದ್ದಕ್ಕೆ ಅವರು 500 ರೂಪಾಯಿ ಕೇಳಿದರು. ಜಿಎಸ್‌ಟಿ ಸೇರಿ 590. ಇದು ಶೇಕಡಾವಾರು ಅಲ್ಲದ ನಿಶ್ಚಿತ ಮೊತ್ತವಾದುದರಿಂದ ಚಿಕ್ಕ ಕಟ್ಟಿಗೇ ಹೆಚ್ಚು ಭಾರ. ಹತ್ತು ಡಾಲರಿನ ವಸ್ತುವನ್ನು ಹೀಗೆ ತರಿಸಿದರೆ ಈ ಶುಲ್ಕವೊಂದೇ ವಸ್ತುವಿನ ಅರ್ಧ ಬೆಲೆಯನ್ನು ಮೀರುತ್ತದೆ.

ಒಂದೇ ಸೂತ್ರದಲ್ಲಿ

ಎರಡು ಹಾದಿಗಳನ್ನೂ ಸೇರಿಸಿ ಹೀಗೆ ಬರೆಯಬಹುದು:

```
P = D·r·(1 + 1.18m) + D·c·[(1 + 1.1b)(1 + g) − 1] + h
```

ಇಲ್ಲಿ D ಎಂಬುದು ಸಾಗಾಣಿಕೆ, ವಿಮೆಗಳೂ ಸೇರಿದ ಡಾಲರು ಮೊತ್ತ, r ಕಾರ್ಡು ಜಾಲದ ದರ, m ಮಾರ್ಕಪ್, c ಸುಂಕದ ವಿನಿಮಯ ದರ, b ಮೂಲ ಸುಂಕ, g ಐಜಿಎಸ್‌ಟಿ, h ಕೊರಿಯರಿನ ಶುಲ್ಕ. ಶೇಕಡಾ ಅಂಕಗಳನ್ನು ದಶಮಾಂಶದಲ್ಲಿ ಬರೆಯಬೇಕು. ನಮ್ಮ ಅಂಕಗಳನ್ನು ಇಟ್ಟರೆ 11,296.02 + 3,383.02 + 590 = 15,269.04 ರೂಪಾಯಿ. ನೂರು ಡಾಲರೆಂದು ಕಂಡ ವಸ್ತುವಿಗೆ 9,000 ರೂಪಾಯಿಯಲ್ಲ, ಅದರ 1.7ರಷ್ಟು.

ಈ ಸೂತ್ರಕ್ಕೆ ಎಲ್ಲೆಗಳೂ ಉಂಟು. ಕೆಲವು ಜಾಲತಾಣಗಳು ಸುಂಕವನ್ನೂ ಮುಂಗಡವಾಗಿ ತಾವೇ ವಸೂಲು ಮಾಡುತ್ತವೆ. ಆಗ ಎರಡನೆಯ ಪದವನ್ನು ಬಿಡಬೇಕು; ಆದರೆ ಆ ಸುಂಕದ ಮೊತ್ತವೂ ಕಾರ್ಡಿನ ಹಾದಿಯಲ್ಲೇ ಹೋಗುವುದರಿಂದ ಅದರ ಮೇಲೂ ಮಾರ್ಕಪ್ ಬೀಳುತ್ತದೆ. ವಸ್ತುವನ್ನು ಹಿಂದಿರುಗಿಸಿದರೆ 120 ಡಾಲರು ಮರಳಿ ಬರಬಹುದು. ಆದರೆ ಅದು ಮರಳುವ ದಿನದ ದರದಲ್ಲಿ ರೂಪಾಯಿಯಾಗುತ್ತದೆ, ಮಾರ್ಕಪ್ಪು ಸಾಮಾನ್ಯವಾಗಿ ಮರಳುವುದಿಲ್ಲ. ಸುಂಕವನ್ನು ತಪ್ಪಿಸಲು ರಸೀದಿಯಲ್ಲಿ ಬೆಲೆಯನ್ನು ಕಡಮೆ ಬರೆಸುವುದು ಅಪರಾಧ. ಸುಂಕಾಧಿಕಾರಿಯು ಆ ಬೆಲೆಯನ್ನು ಒಪ್ಪದೆ ತಾನೇ ಮೌಲ್ಯ ಕಟ್ಟಿ ದಂಡವನ್ನೂ ವಿಧಿಸಬಹುದು.

ಆ ನಾಲ್ಕು ಸಾವಿರ ಚಿಲ್ಲರೆಯನ್ನು ನಾವು, ಲೆಕ್ಕ ಒಪ್ಪಿದವರು, ಕೈಯಿಂದ ಹಾಕಿದೆವು. ಮುಂದಿನ ಬಾರಿ ವಿದ್ಯಾರ್ಥಿಗಳು ಹಣ ಕೂಡಿಸುವ ಮೊದಲು ಸೂತ್ರವನ್ನು ಹಲಗೆಯ ಮೇಲೆ ಬರೆದರು. ನೇತ್ರಮಸೂರಕ್ಕೆ ಬದಲು ಊರಿನಲ್ಲೇ ದೊರೆಯುವ ವಸ್ತುವನ್ನು ಎಷ್ಟು ಬೆಲೆಯ ವರೆಗೆ ಕೊಳ್ಳುವುದು ಲಾಭಕರವೆಂಬುದನ್ನು ತಾವೇ ಕಂಡುಕೊಂಡರು.

ಅಭ್ಯಾಸ: ಸಾಗಾಣಿಕೆ, ವಿಮೆ ಸೇರಿ 80 ಡಾಲರಿನ ವಸ್ತು. ಕಾರ್ಡಿನ ದರ 90.40, ಮಾರ್ಕಪ್ ಶೇಕಡಾ 2, ಸುಂಕದ ದರ 91, ಮೂಲ ಸುಂಕ ಶೇಕಡಾ 20, ಐಜಿಎಸ್‌ಟಿ 18, ಕೊರಿಯರಿಗೆ 590 ರೂಪಾಯಿ. ಒಟ್ಟು ವೆಚ್ಚವೆಷ್ಟು? (ಉತ್ತರ: 11,192.96 ರೂಪಾಯಿ.)