ತೊಗರಿ ದರ ಏರಿದಾಗ ಸರಿದದ್ದು ಯಾವ ರೇಖೆ?

ಪ್ರಶ್ನೆ: ಇಂಟರ್‌ಮೀಡಿಯೆಟ್‌ನಲ್ಲಿ ಅರ್ಥಶಾಸ್ತ್ರ ಓದುತ್ತಿದ್ದೇನೆ. ಬೇಡಿಕೆ, ಪೂರೈಕೆಯ ಚಿತ್ರಗಳೆಲ್ಲ ಬಾಯಿಪಾಠ. ಆದರೆ ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದರೆ ಯಾವ ರೇಖೆ ಸರಿಸಬೇಕೆಂದೇ ತೋಚುವುದಿಲ್ಲ. ಏನು ಮಾಡಲಿ?
– ಒಬ್ಬ ಓದುಗರು, ತಾಂಡೂರು

ಉತ್ತರ: ನಿಮ್ಮೂರಿನ ತೊಗರಿಯನ್ನೇ ತೆಗೆದುಕೊಳ್ಳಿ. 2015ರಲ್ಲಿ ಮಳೆ ಕೈಕೊಟ್ಟಿತು. ಆ ವರ್ಷ ಹಲವು ನಗರಗಳಲ್ಲಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ಇಲ್ಲಿ ಮೊದಲು ಬದಲಾದದ್ದು ಬೆಲೆಯಲ್ಲ, ಮಳೆ. ಮಳೆ ಕೆಡಿಸಿದ್ದು ಬೆಳೆಗಾರನ ಕೈಯನ್ನು, ಕೊಳ್ಳುವವರ ಮನಸ್ಸನ್ನಲ್ಲ. ಆದ್ದರಿಂದ ಪೂರೈಕೆ ರೇಖೆ ಎಡಕ್ಕೆ ಸರಿಯಿತು. ಬೇಡಿಕೆ ರೇಖೆ ಇದ್ದಲ್ಲೇ ಇತ್ತು.

ಹಾಗಾದರೆ ಜನ ಬೇಳೆ ಕಡಿಮೆ ಕೊಂಡರಲ್ಲ, ಬೇಡಿಕೆಯೂ ಇಳಿದಂತಲ್ಲವೇ? ಹೆಚ್ಚಿನವರು ಎಡವುವುದು ಇಲ್ಲೇ. ಅವರು ಕಡಿಮೆ ಕೊಂಡದ್ದು ಬೆಲೆ ಏರಿತೆಂದು. ತೊಗರಿಯ ಬೆಲೆಯೇ ಕಾರಣವಾದರೆ ನಾವು ಅದೇ ರೇಖೆಯ ಮೇಲೆ ಒಂದು ಬಿಂದುವಿನಿಂದ ಇನ್ನೊಂದಕ್ಕೆ ಹೋಗುತ್ತೇವೆ, ಅಷ್ಟೇ. ಬೇರೇನಾದರೂ ಕಾರಣವಾದರೆ ಮಾತ್ರ ರೇಖೆ ಪಲ್ಲಟವಾಗುತ್ತದೆ. ಆದರೆ ತೊಗರಿ ದುಬಾರಿಯಾಯಿತೆಂದು ಮನೆಯವರು ಹೆಸರುಬೇಳೆಗೆ ತಿರುಗಿದರೆ, ಹೆಸರುಬೇಳೆಯ ಚಿತ್ರದಲ್ಲಿ ಬೇಡಿಕೆ ರೇಖೆ ಬಲಕ್ಕೆ ಸರಿಯಬೇಕು. ಒಂದೇ ಸಂಗತಿ ಒಂದು ಚಿತ್ರದಲ್ಲಿ ನಡಿಗೆ, ಇನ್ನೊಂದರಲ್ಲಿ ಪಲ್ಲಟ. ಅದಕ್ಕೇ ಪೆನ್ಸಿಲ್ ಎತ್ತುವ ಮೊದಲು ಯಾವ ಸರಕಿನ ಮಾರುಕಟ್ಟೆ ಎಂದು ಮೇಲೆ ಬರೆದುಕೊಳ್ಳಿ.

ಮುಂದಿನ ಕಥೆ ಇನ್ನೂ ಚೆನ್ನಾಗಿದೆ. ಆ ದರ ನೋಡಿದ ರೈತರು 2016ರ ಮುಂಗಾರಿನಲ್ಲಿ ಹೆಚ್ಚು ಹೊಲಕ್ಕೆ ತೊಗರಿ ಬಿತ್ತಿದರು. ಮಳೆಯೂ ಒಲಿಯಿತು. ದೇಶದ ಉತ್ಪಾದನೆ ಸುಮಾರು 25 ಲಕ್ಷ ಟನ್‌ನಿಂದ 48 ಲಕ್ಷ ಟನ್ ಆಯಿತು. ಬೆಲೆ ನೋಡಿ ಬಿತ್ತಿದರೆ ಅದು ಪೂರೈಕೆ ರೇಖೆಯ ಮೇಲಿನ ನಡಿಗೆಯಲ್ಲವೇ ಎಂದು ನೀವು ಕೇಳಬಹುದು. ಅವರು ನೋಡಿದ್ದು ಕಳೆದ ವರ್ಷದ ಬೆಲೆ. ಕಟಾವಾದ ಮೇಲೆ ರಾಶಿ ಎಷ್ಟೋ ಅಷ್ಟೇ. ಇವತ್ತಿನ ದರ ಏರಲಿ, ಇಳಿಯಲಿ, ರಾಶಿ ಹಿಗ್ಗುವುದಿಲ್ಲ. ಹಾಗಾಗಿ ಆ ಹಂಗಾಮಿನ ಪೂರೈಕೆ ರೇಖೆ ಹೆಚ್ಚುಕಡಿಮೆ ನೆಟ್ಟಗೆ ನಿಲ್ಲುತ್ತದೆ, ಮತ್ತು ಹಿಂದಿನ ವರ್ಷದ್ದಕ್ಕಿಂತ ತುಂಬಾ ಬಲಕ್ಕೆ ನಿಲ್ಲುತ್ತದೆ. ದರ ಕುಸಿಯಿತು.

ಆಗ ಬೆಂಬಲ ಬೆಲೆ, ಬೋನಸ್ ಸೇರಿ, ಕ್ವಿಂಟಲ್‌ಗೆ 5,050 ರೂಪಾಯಿ. ಹಲವು ಮಾರುಕಟ್ಟೆಗಳಲ್ಲಿ ದರ ಅದಕ್ಕಿಂತ ಕೆಳಗಿಳಿಯಿತು. ಪುಸ್ತಕದಲ್ಲಿ ಬೆಂಬಲ ಬೆಲೆ ಒಂದು ಅಡ್ಡ ಗೆರೆ, ಅದರ ಕೆಳಗೆ ದರ ಇಳಿಯದು. ನಿಜದಲ್ಲಿ ಸರ್ಕಾರ ಬಂದು ಕೊಂಡಷ್ಟಕ್ಕೆ ಮಾತ್ರ ಆ ಗೆರೆಗೆ ಬಲ.

ನಿಮ್ಮ ಉತ್ತರವನ್ನು ಪರೀಕ್ಷಿಸಲು ಬೆಲೆಯನ್ನೂ ಪ್ರಮಾಣವನ್ನೂ ಜೋಡಿಸಿ ನೋಡಿ. ಒಂದು ಏರಿ ಇನ್ನೊಂದು ಇಳಿದರೆ ಪೂರೈಕೆ ಸರಿದಿದೆ. ಎರಡೂ ಒಂದೇ ದಿಕ್ಕಿಗೆ ಹೋದರೆ ಬೇಡಿಕೆ. ಎರಡು ರೇಖೆಗಳೂ ಒಟ್ಟಿಗೆ ಸರಿದಾಗ ಮಾತ್ರ ಈ ಪರೀಕ್ಷೆ ಯಾವುದು ಹೆಚ್ಚು ಸರಿಯಿತೆಂಬುದನ್ನಷ್ಟೇ ಹೇಳುತ್ತದೆ. 2017ರ ಆಗಸ್ಟಿನಲ್ಲಿ ಕೇಂದ್ರವು ತೊಗರಿ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ನಿನ ಮಿತಿ ಹಾಕಿತು. ಯಾರ ಕೈ ಕಟ್ಟಿತು, ಯಾವ ರೇಖೆ, ಯಾವ ಕಡೆಗೆ? ಇದನ್ನು ನೀವೇ ಬಿಡಿಸಿ.