ಮೊದಲು ಸೋಲುವುದು ರಿವೆಟ್ಟೋ, ಪ್ಲೇಟೋ?

1943ರ ಫೆಬ್ರವರಿಯಲ್ಲಿ ಸಂಚಾರಕ್ಕೆ ತೆರೆದ ಕೋಲ್ಕತ್ತದ ಹೌರಾ ಸೇತುವೆಯನ್ನು ನಟ್‌-ಬೋಲ್ಟಿನ ನೆರವಿಲ್ಲದೆ ರಿವೆಟ್‌ಗಳಿಂದಲೇ ಜೋಡಿಸಲಾಗಿದೆ. ರಸ್ತೆಯನ್ನು ಎತ್ತಿ ಹಿಡಿದಿರುವ ಉಕ್ಕಿನ ತೂಗುಕಂಬಗಳ ಬುಡಕ್ಕೆ ಪಾದಚಾರಿಗಳು ಪಾನ್ ಉಗುಳಿ ಉಗುಳಿ, ಅಲ್ಲಿನ ರಕ್ಷಣಾ ಕವಚದ ದಪ್ಪ ನಾಲ್ಕೇ ವರ್ಷಗಳಲ್ಲಿ 6 ಮಿ.ಮೀ.ನಿಂದ 3 ಮಿ.ಮೀ.ಗೂ ಕೆಳಗೆ ಇಳಿದಿದೆ ಎಂದು 2011ರಲ್ಲಿ ವರದಿಯಾಗಿತ್ತು. ಆಮೇಲೆ ಬುಡಗಳಿಗೆ ಫೈಬರ್‌ಗ್ಲಾಸ್ ಹೊದಿಕೆ ಬಂತು. ಸವೆದದ್ದು ಕವಚ, ಜೋಡಣೆಯಲ್ಲ. ಆದರೆ ಇದೇ ಸವೆತ ಜೋಡಣೆಯ ಪ್ಲೇಟಿಗೆ ಬಂದರೆ ಏನಾಗುತ್ತದೆ? ಶೆಡ್ಡು, ಗೇಟು, ನೀರಿನ ಟ್ಯಾಂಕಿನ ಸ್ಟ್ಯಾಂಡು ನೋಡಿಕೊಳ್ಳುವವರು ಇದನ್ನು ತಾವೇ ಲೆಕ್ಕ ಹಾಕಬಹುದು.

ಎರಡು ಪ್ಲೇಟುಗಳ ತುದಿಯನ್ನು ಒಂದರ ಮೇಲೊಂದಿಟ್ಟು ರಿವೆಟ್ ಹೊಡೆಯುವುದು ಅಥವಾ ಬೋಲ್ಟ್ ಬಿಗಿಯುವುದೇ ಲ್ಯಾಪ್ ಜಾಯಿಂಟ್. ಪ್ಲೇಟುಗಳನ್ನು ಆ ಕಡೆ ಈ ಕಡೆ ಎಳೆದಾಗ ಅದು ಮುಖ್ಯವಾಗಿ ಮೂರು ರೀತಿ ಸೋಲುತ್ತದೆ. ಬೋಲ್ಟಿನ ದಂಡವೇ ಪ್ಲೇಟುಗಳು ಸೇರುವ ಮಟ್ಟದಲ್ಲಿ ಅಡ್ಡಲಾಗಿ ತುಂಡಾಗುವುದು ಶಿಯರ್. ಬೋಲ್ಟ್ ಗಟ್ಟಿಯಾಗಿ ನಿಂತು ಪ್ಲೇಟಿನ ತೂತನ್ನೇ ಜಜ್ಜಿ ಉದ್ದ ಮಾಡುವುದು ಬೇರಿಂಗ್. ತೂತುಗಳ ನಡುವೆ ಉಳಿದಿರುವ ಉಕ್ಕು ಸಾಲದೆ ಪ್ಲೇಟು ಅಡ್ಡಡ್ಡ ಹರಿಯುವುದು ಮೂರನೆಯದು. ಈ ಮೂರರಲ್ಲಿ ಯಾವುದರ ಬಲ ಕಡಿಮೆಯೋ ಅದೇ ಜೋಡಣೆಯ ಬಲ.

ಒಂದು ಉದಾಹರಣೆ ನೋಡೋಣ. ಸಾಮಾನ್ಯ ಮೈಲ್ಡ್ ಸ್ಟೀಲಿನ ಎರಡು ಪ್ಲೇಟು, 120 ಮಿ.ಮೀ. ಅಗಲ, 8 ಮಿ.ಮೀ. ದಪ್ಪ. ಎಳೆತಕ್ಕೆ ಅಡ್ಡಲಾಗಿ ಒಂದೇ ಸಾಲಿನಲ್ಲಿ 16 ಮಿ.ಮೀ.ನ ಎರಡು ಬೋಲ್ಟು, 4.6 ಗ್ರೇಡ್. ತೂತು 18 ಮಿ.ಮೀ.; ತೂತಿನ ಮಧ್ಯದಿಂದ ಪ್ಲೇಟಿನ ತುದಿಗೆ 30 ಮಿ.ಮೀ. ಮುಂದಿನ ಅಂಕಿಗಳೆಲ್ಲ ಐಎಸ್ 800:2007ರ ಸುರಕ್ಷತಾ ಅಂಶದಿಂದ ಭಾಗಿಸಿದ ನಂತರದವು.

ಮೊದಲು ಬೋಲ್ಟಿನ ಶಿಯರ್. ಥ್ರೆಡ್ ಇರುವ ಭಾಗ ಶಿಯರ್ ಮಟ್ಟದಲ್ಲಿದ್ದರೆ ಲೆಕ್ಕಕ್ಕೆ ಸಿಗುವ ವಿಸ್ತೀರ್ಣ 157 ಚದರ ಮಿ.ಮೀ. ಮಾತ್ರ. ಒಂದಕ್ಕೆ 29 ಕಿಲೋನ್ಯೂಟನ್, ಎರಡಕ್ಕೆ 58. ಅಂದರೆ ಸುಮಾರು ಆರು ಟನ್ ಭಾರ. ಆಮೇಲೆ ಬೇರಿಂಗ್: ಇದು ಬೋಲ್ಟಿನ ವ್ಯಾಸ, ಪ್ಲೇಟಿನ ದಪ್ಪ ಮತ್ತು ತುದಿಯ ದೂರವನ್ನು ಅವಲಂಬಿಸುತ್ತದೆ. ಇಲ್ಲಿ ಎರಡೂ ಸೇರಿ 114. ಕೊನೆಗೆ ಹರಿಯುವಿಕೆ: 120ರಲ್ಲಿ ಎರಡು ತೂತಿನ 36 ಕಳೆದರೆ ಉಳಿಯುವುದು 84 ಮಿ.ಮೀ. ಅಗಲ, ಬಲ 198. ಹಾಗಾಗಿ ಈ ಜೋಡಣೆ 58ರದು, ಮೊದಲು ಸೋಲುವುದು ಬೋಲ್ಟು.

ಈಗ ಪ್ಲೇಟಿಗೆ ತುಕ್ಕು ಹಿಡಿಯಲಿ. 6 ಮಿ.ಮೀ. ಉಳಿದಾಗ ಬೇರಿಂಗ್ 85, ಹರಿಯುವಿಕೆ 149. ಬೋಲ್ಟಿನ 58 ಹಾಗೆಯೇ ಇದೆ, ಆದ್ದರಿಂದ ಕಾಲು ಭಾಗ ಉಕ್ಕು ಹೋದರೂ ಜೋಡಣೆಯ ಬಲ ಲೆಕ್ಕದಲ್ಲಿ ಕದಲುವುದೇ ಇಲ್ಲ. ಮೋಸ ಹೋಗುವುದು ಇಲ್ಲೇ. 4 ಮಿ.ಮೀ.ಗೆ ಬಂದಾಗ ಬೇರಿಂಗ್ 57 ಆಗಿ ಬೋಲ್ಟಿಗಿಂತ ಕೆಳಗಿಳಿಯುತ್ತದೆ. ಇನ್ನು ಸೋಲುವುದು ಪ್ಲೇಟು. ಅಲ್ಲಿಂದಾಚೆ ಪ್ರತಿ ಮಿ.ಮೀ.ಗೂ ಬಲ ನೇರವಾಗಿ ಬೀಳುತ್ತದೆ: 3 ಮಿ.ಮೀ.ಗೆ 43.

ಸ್ಥಳದಲ್ಲಿ ನೋಡುವಾಗ ಮೊದಲು ತಂತಿ ಬ್ರಷ್‌ನಿಂದ ತುಕ್ಕು ತೆಗೆದು, ತುದಿಯಲ್ಲಿ ವರ್ನಿಯರ್ ಹಿಡಿದು ಉಳಿದ ದಪ್ಪ ಅಳೆಯಿರಿ. ಉಬ್ಬಿದ ತುಕ್ಕನ್ನೂ ಸೇರಿಸಿ ಅಳೆದರೆ ಸವೆದ ಪ್ಲೇಟೇ ಮೊದಲಿಗಿಂತ ದಪ್ಪ ಕಾಣುತ್ತದೆ. ನಂತರ ಬೋಲ್ಟ್ ಅಥವಾ ರಿವೆಟ್ ತಲೆಗಳ ಸುತ್ತ ನೋಡಿ. ಬಣ್ಣ ಉಂಗುರದಂತೆ ಬಿರಿದು ಕೆಂಪು ನೀರು ಇಳಿದ ಗುರುತಿದ್ದರೆ ಅದು ಅಲುಗಾಡುತ್ತಿದೆ. ರಿವೆಟ್ ಆದರೆ ಒಂದು ಬದಿಗೆ ಬೆರಳಿಟ್ಟು ಇನ್ನೊಂದು ಬದಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿ. ಸಡಿಲವಾಗಿದ್ದರೆ ಅದುರುವಿಕೆ ಬೆರಳಿಗೆ ತಿಳಿಯುತ್ತದೆ, ಸದ್ದೂ ಮಂದ. ಭಾರವನ್ನು ಬೇರೆ ಕಡೆ ಆನಿಸದೆ ಬೋಲ್ಟ್ ಬಿಚ್ಚಬೇಡಿ. ಬಿಚ್ಚಿದ ಮೇಲೆ ತೂತು ಎಳೆತದ ದಿಕ್ಕಿಗೆ ಮೊಟ್ಟೆಯಾಕಾರ ತಾಳಿ ಅಂಚಿನಲ್ಲಿ ಉಕ್ಕು ದಿಬ್ಬವಾಗಿ ಏರಿದ್ದರೆ ಬೇರಿಂಗ್. ಬೋಲ್ಟಿನ ಮೈಯಲ್ಲಿ ಮೆಟ್ಟಿಲಿನಂಥ ತಗ್ಗು ಬಿದ್ದಿದ್ದರೆ ಶಿಯರ್ ಶುರುವಾಗಿದೆ. ತೂತಿನ ಪಕ್ಕದಿಂದ ಪ್ಲೇಟಿನ ಬದಿಯತ್ತ ಕೂದಲೆಳೆಯ ಬಿರುಕು ಹೊರಟಿದ್ದರೆ ಹರಿಯುವಿಕೆ. ಇದು ಕಂಡರೆ ಆ ಪ್ಲೇಟನ್ನು ಮತ್ತೆ ಬಳಸಬಾರದು.

ದುರಸ್ತಿಗೆ ಬಂದವರು ಹೆಚ್ಚಾಗಿ ಹೇಳುವುದು "ದೊಡ್ಡ ಗ್ರೇಡಿನ ಬೋಲ್ಟ್ ಹಾಕಿಬಿಡಿ" ಎಂದು. ಹೊಸ 8 ಮಿ.ಮೀ. ಪ್ಲೇಟಿಗೆ 8.8 ಗ್ರೇಡ್ ಹಾಕಿದರೆ ಬಲ 58ರಿಂದ ಸುಮಾರು ಎರಡು ಪಟ್ಟಿಗೆ ಏರುತ್ತದೆ, ನಿಜ. ಆದರೆ 4 ಮಿ.ಮೀ. ಉಳಿದ ಪ್ಲೇಟಿನಲ್ಲಿ ಅದೇ ಬೋಲ್ಟ್ ಕೊಡುವುದೂ 58ರ ಆಸುಪಾಸೇ, ಏಕೆಂದರೆ ಅಲ್ಲಿ ತಡೆ ಪ್ಲೇಟಿನದು. ತೂತು ದೊಡ್ಡದು ಮಾಡಿ ದಪ್ಪ ಬೋಲ್ಟ್ ತೂರಿಸಿದರೆ ತುದಿಯ ಉಕ್ಕೂ ತೂತುಗಳ ನಡುವಿನ ಉಕ್ಕೂ ಕಡಿಮೆಯಾಗುತ್ತವೆ. ಅಂಥಲ್ಲಿ ಸವೆದ ತುಂಡನ್ನು ಕತ್ತರಿಸಿ ಮೊದಲಿನ ದಪ್ಪದ ಪ್ಲೇಟನ್ನೇ ಹಾಕಬೇಕು, ತುದಿಯ ದೂರ ತೂತಿನ ವ್ಯಾಸದ ಒಂದೂವರೆ ಪಟ್ಟಿಗಿಂತ, ಕೈಯಲ್ಲಿ ಗ್ಯಾಸ್‌ನಿಂದ ಕತ್ತರಿಸಿದ ಅಂಚಾದರೆ 1.7 ಪಟ್ಟಿಗಿಂತ, ಕಡಿಮೆಯಾಗದಂತೆ.